ಟರ್ಮಿನಲ್ ವೇಗ: V − v ಎಂಬ ಒಂದು ಕಂಸದಲ್ಲಿ ಅಡಗಿದ ಮೂರು ಗೊಂದಲ

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಮೊದಲ ವರ್ಷ. ಮೇಲಿಂದ ನೇರ ಬೀಳುವ ವಸ್ತುವಿಗೆ ಗಾಳಿಯ ತಡೆ kv² ಅಂತ ಇಟ್ಟುಕೊಂಡು ಪಾರ್ಷಿಯಲ್ ಫ್ರ್ಯಾಕ್ಷನ್‌ನಲ್ಲಿ ಬಿಡಿಸಿದೆ. ನನಗೆ e ಇರುವ ಉತ್ತರ ಬಂತು, ಪುಸ್ತಕದಲ್ಲಿ tanh ಇದೆ. ಟರ್ಮಿನಲ್ ವೇಗ ಯಾವಾಗ ಮುಟ್ಟುತ್ತೆ ಅಂತ v = V ಹಾಕಿದ್ರೆ ಅನಂತ ಬರುತ್ತೆ. ಪ್ಯಾರಾಚೂಟ್ ಬಿಚ್ಚಿದ ಮೇಲಿನ ವೇಗ ಹಾಕಿದ್ರೆ ln ಒಳಗೆ ಮೈನಸ್ ಬರುತ್ತೆ. ಎಲ್ಲಿ ತಪ್ಪು ಮಾಡ್ತಿದ್ದೇನೆ?

ಉತ್ತರ: ನಿಮ್ಮ ಇಂಟಿಗ್ರೇಷನ್‌ನಲ್ಲಿ ತಪ್ಪಿಲ್ಲ. ನಿಮ್ಮ ಗೊಂದಲ ಮೂರಾದರೂ ಅವು ಹುಟ್ಟಿದ ಜಾಗ ಒಂದೇ. ಅದು ಛೇದದಲ್ಲಿ ಕೂತಿರುವ V − v. ಅದನ್ನು ಬಿಡಿಸಿ ಬರೆದಾಗ e ಇರುವ ಉತ್ತರ ಬರುತ್ತದೆ. ಅದು ಸೊನ್ನೆಯಾದಾಗ ಅನಂತ ಬರುತ್ತದೆ. ಅದು ಋಣವಾದಾಗ ln ಒಳಗೆ ಮೈನಸ್ ಬರುತ್ತದೆ. ಒಬ್ಬ ಸ್ಕೈಡೈವರ್‌ನ ಲೆಕ್ಕ ಹಿಡಿದು ಒಂದೊಂದಾಗಿ ನೋಡೋಣ.

ಮೊದಲು ಸಮೀಕರಣವನ್ನು ಸ್ವಲ್ಪ ಚೊಕ್ಕ ಮಾಡಿಕೊಳ್ಳಿ. ಕೆಳಮುಖ ದಿಕ್ಕನ್ನು ಧನ ಅಂತ ಇಟ್ಟುಕೊಂಡರೆ

m dv/dt = mg − kv²

ತೂಕ ಮತ್ತು ಗಾಳಿಯ ತಡೆ ಸಮವಾದಾಗ ಬಲಗಡೆ ಸೊನ್ನೆ. ಆಗಿನ ವೇಗ V = √(mg/k). ಇದೇ ಟರ್ಮಿನಲ್ ವೇಗ. ಇದನ್ನು ಕಂಡುಹಿಡಿಯಲು ಇಂಟಿಗ್ರೇಷನ್ನೇ ಬೇಡ ಅನ್ನೋದನ್ನು ಗಮನಿಸಿ. ಇಂಟಿಗ್ರೇಷನ್ ಬೇಕಾಗುವುದು ಅಲ್ಲಿಗೆ ಎಷ್ಟು ಹೊತ್ತಿನಲ್ಲಿ, ಹೇಗೆ ಹೋಗುತ್ತದೆ ಅಂತ ತಿಳಿಯಲು. k ಜಾಗದಲ್ಲಿ mg/V² ಹಾಕಿದರೆ m ಹೊರಟೇ ಹೋಗುತ್ತದೆ:

dv/dt = (g/V²)(V² − v²)

ಈ ಬದಲಾವಣೆಯನ್ನು ಲೆಕ್ಕದ ಶುರುವಿನಲ್ಲೇ ಮಾಡಿ. ಬಹಳ ಜನ ಕೊನೆಯವರೆಗೂ √(k/mg), √(kg/m) ಅಂತ ಎಳೆದುಕೊಂಡು ಹೋಗುತ್ತಾರೆ. ನಡುವೆ ಎಲ್ಲೋ ಒಂದು ವರ್ಗಮೂಲ ಬಿಟ್ಟುಹೋಗುತ್ತದೆ, ಅದು ಎಲ್ಲಿ ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. V ಇಟ್ಟುಕೊಂಡರೆ ಪ್ರತಿ ಸಾಲಿನಲ್ಲೂ ಏಕಮಾನ ಸರಿಯಿದೆಯಾ ಅಂತ ಕಣ್ಣಲ್ಲೇ ನೋಡಬಹುದು. v/V ಗೆ ಏಕಮಾನ ಇಲ್ಲ, gt/V ಗೂ ಇಲ್ಲ. ಅಷ್ಟು ಸಾಕು.

ಈಗ v ಎಲ್ಲ ಒಂದು ಕಡೆ, t ಇನ್ನೊಂದು ಕಡೆ:

dv/(V² − v²) = (g/V²) dt

ಎಡಗಡೆಯ ಛೇದ (V − v)(V + v). ಅದನ್ನು ಎರಡು ತುಂಡು ಮಾಡಿದರೆ

1/(V² − v²) = (1/2V) [ 1/(V − v) + 1/(V + v) ]

ಎರಡನೇ ತುಂಡಿನ ಇಂಟಿಗ್ರಲ್ ln|V + v|. ಮೊದಲ ತುಂಡಿನದು −ln|V − v|. ಆ ಮೈನಸ್ ಮೇಲೆ ಕಣ್ಣಿಡಿ. V − v ಅನ್ನು v ಬಗ್ಗೆ ಡಿಫರೆನ್ಷಿಯೇಟ್ ಮಾಡಿದರೆ −1 ಬರುತ್ತದೆ, ಅದಕ್ಕೇ ಈ ಮೈನಸ್. ನಾನು ತಿದ್ದಿದ ಉತ್ತರ ಪತ್ರಿಕೆಗಳಲ್ಲಿ ಈ ಲೆಕ್ಕ ಕೆಟ್ಟದ್ದು ಹೆಚ್ಚಾಗಿ ಇಲ್ಲೇ. ಮೈನಸ್ ಮರೆತರೆ ಎರಡು ಲಾಗ್ ಸೇರಿ ln(V² − v²) ಆಗುತ್ತದೆ. ಮುಂದೆ ಬಿಡಿಸಿದರೆ v² = V²(1 − e^(2gt/V)) ಬರುತ್ತದೆ. t ಸೊನ್ನೆಗಿಂತ ಜಾಸ್ತಿಯಾದ ಕೂಡಲೇ ಬಲಗಡೆ ಋಣ, ಅಂದರೆ v² ಋಣ! ಹಾಗೆ ಬಂದರೆ ಬೇರೆಲ್ಲೂ ಹುಡುಕಬೇಡಿ, ಸೀದಾ ಈ ಮೈನಸ್‌ಗೆ ಬನ್ನಿ.

ಸರಿಯಾಗಿ ಮಾಡಿದರೆ, ಮತ್ತು t = 0 ಆದಾಗ v = 0 ಅಂತ ಇಟ್ಟರೆ,

ln[(V + v)/(V − v)] = 2gt/V

ಈ ಸಾಲನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಮತ್ತೆ ಮತ್ತೆ ಬೇಕಾಗುತ್ತದೆ. ಇಲ್ಲಿಂದ v ಬಿಡಿಸಲು e^(2gt/V) ಅನ್ನು E ಅಂತ ಕರೆಯೋಣ. V + v = E(V − v). ಹಾಗಾಗಿ

v = V (E − 1)/(E + 1)

ನಿಮ್ಮ ಉತ್ತರ ಇದೇ ಇರಬೇಕು. ಈಗ ಅಂಶ, ಛೇದ ಎರಡನ್ನೂ √E ಇಂದ, ಅಂದರೆ e^(gt/V) ಇಂದ ಭಾಗಿಸಿ. ಮೇಲೆ e^(gt/V) − e^(−gt/V), ಕೆಳಗೆ e^(gt/V) + e^(−gt/V). ಅದನ್ನೇ tanh ಅಂತ ಕರೆಯುವುದು:

v = V tanh(gt/V)

ಅಂದರೆ ನಿಮ್ಮದೂ ಪುಸ್ತಕದ್ದೂ ಒಂದೇ ಉತ್ತರ, ಅಂಗಿ ಬೇರೆ ಅಷ್ಟೇ. ಪರೀಕ್ಷೆಯಲ್ಲಿ ಎರಡೂ ನಡೆಯುತ್ತದೆ. ಆದರೆ ಬರೆದ ಮೇಲೆ ಎರಡು ತುದಿಯಲ್ಲೂ ಒಮ್ಮೆ ಪರೀಕ್ಷೆ ಮಾಡಿ. t ತುಂಬ ಚಿಕ್ಕದಾಗಿದ್ದರೆ tanh(gt/V) ಹತ್ತಿರಹತ್ತಿರ gt/V. ಆಗ v = gt, ಅಂದರೆ ಗಾಳಿ ಇಲ್ಲದಂತೆ ಬೀಳುತ್ತದೆ. ಇನ್ನೂ ವೇಗವೇ ಬಂದಿಲ್ಲ, ತಡೆ ಎಲ್ಲಿಂದ ಬರಬೇಕು? t ತುಂಬ ದೊಡ್ಡದಾದರೆ v → V. ಎರಡೂ ಸರಿ ಬಂದರೆ ನೆಮ್ಮದಿ.

ಇನ್ನು ಅನಂತದ ವಿಷಯ. ಇದಕ್ಕೆ ಅಂಕಿ ಬೇಕು. ಕೈಕಾಲು ಚಾಚಿ, ಹೊಟ್ಟೆ ಕೆಳಗೆ ಮಾಡಿ ಬೀಳುವ ಸ್ಕೈಡೈವರ್‌ನ ಟರ್ಮಿನಲ್ ವೇಗ ಸುಮಾರು 55 ಮೀ/ಸೆ, ಅಂದರೆ ಗಂಟೆಗೆ 200 ಕಿ.ಮೀ. ಹತ್ತಿರ. ಸಾಮಾನು ಸೇರಿ 80 ಕೆಜಿ ಅಂತ ಇಟ್ಟುಕೊಳ್ಳಿ, g = 9.8. ಆಗ V/g = 5.6 ಸೆಕೆಂಡು. ಈ ಲೆಕ್ಕದ ಗಡಿಯಾರವೇ ಈ 5.6 ಸೆಕೆಂಡು. ಗಾಳಿಯೇ ಇಲ್ಲದಿದ್ದರೆ V ವೇಗ ಬರಲು ಬೇಕಾಗುತ್ತಿದ್ದ ಸಮಯ ಅದು. ಗಾಳಿ ಇರುವುದರಿಂದ 5.6 ಸೆಕೆಂಡಿಗೆ tanh 1 = 0.76, ಅಂದರೆ 42 ಮೀ/ಸೆ ಮಾತ್ರ. 10 ಸೆಕೆಂಡಿಗೆ 52. ಗಾಳಿ ಇಲ್ಲದಿದ್ದರೆ ಅಷ್ಟರಲ್ಲಿ 98 ಆಗಿರುತ್ತಿತ್ತು.

v = V ಅಂತ ಹಾಕಿದರೆ ನಮ್ಮ ಲಾಗ್ ಸಾಲಿನ ಛೇದ ಸೊನ್ನೆ, t ಅನಂತ. ಅದು ನಿಜವೇ. ಈ ಮಾದರಿಯಲ್ಲಿ v ಎಂದೂ V ಮುಟ್ಟುವುದಿಲ್ಲ. ಯಾಕೆ ಅಂತ ತಿಳಿಯಲು v ಬಿಟ್ಟು ಬಾಕಿ ಉಳಿದ ಅಂತರವನ್ನು ನೋಡಿ. V − v = δ ಅಂದುಕೊಳ್ಳಿ. v ಸುಮಾರು V ಹತ್ತಿರ ಬಂದಿದೆ ಅಂದರೆ V + v ಸುಮಾರು 2V. ಆಗ ಮೂಲ ಸಮೀಕರಣ

dδ/dt ≈ −(2g/V) δ

ಆಗುತ್ತದೆ. ಅಂತರ ಕಡಿಮೆಯಾದಷ್ಟೂ ಅದು ಕಡಿಮೆಯಾಗುವ ವೇಗವೂ ಕಡಿಮೆ. ಪಾತ್ರೆಯಲ್ಲಿ ಉಳಿದದ್ದರ ಹತ್ತನೇ ಒಂಬತ್ತು ಪಾಲನ್ನು ಪ್ರತಿ ಸಲ ಬಡಿಸಿದ ಹಾಗೆ, ಪಾತ್ರೆ ಪೂರ್ತಿ ಖಾಲಿ ಅಂತ ಆಗುವುದೇ ಇಲ್ಲ. ನಮ್ಮ ಸ್ಕೈಡೈವರ್‌ಗೆ ಈ ಅಂತರ ಹತ್ತನೇ ಒಂದು ಪಾಲಿಗೆ ಇಳಿಯಲು 6.5 ಸೆಕೆಂಡು ಬೇಕು. 10ನೇ ಸೆಕೆಂಡಿಗೆ ಅಂತರ 3 ಮೀ/ಸೆ. 16.5ಕ್ಕೆ 0.3. 23ಕ್ಕೆ 0.03. ಅಷ್ಟರ ಹೊತ್ತಿಗೆ ಆತ ಕೈ ಸ್ವಲ್ಪ ಮಡಚಿದರೂ ವೇಗ ಅದಕ್ಕಿಂತ ಜಾಸ್ತಿ ಬದಲಾಗುತ್ತದೆ.

ಹಾಗಾಗಿ "ಯಾವಾಗ ಮುಟ್ಟುತ್ತದೆ" ಅಂತ ಕೇಳಬೇಡಿ, "ನೂರಕ್ಕೆ ತೊಂಬತ್ತೊಂಬತ್ತು ಯಾವಾಗ ಮುಟ್ಟುತ್ತದೆ" ಅಂತ ಕೇಳಿ. v = 0.99V ಹಾಕಿದರೆ ಲಾಗ್ ಒಳಗೆ 1.99/0.01 = 199. ln 199 = 5.29. ಅದನ್ನು V/2g ಇಂದ, ಅಂದರೆ 2.8 ಇಂದ ಗುಣಿಸಿದರೆ 14.9 ಸೆಕೆಂಡು. ಸುಮಾರು ಕಾಲು ನಿಮಿಷ.

ಇಲ್ಲಿ ಒಂದು ವಿಷಯ ನನಗೆ ಬಹಳ ಇಷ್ಟ. "ಎಂದೂ ಮುಟ್ಟುವುದಿಲ್ಲ" ಅನ್ನುವುದು k ಬದಲಾಗದೆ ಇದ್ದಾಗ ಮಾತ್ರ ಸರಿ. k ಒಳಗೆ ಗಾಳಿಯ ಸಾಂದ್ರತೆ ಇದೆ. ಕೆಳಗೆ ಬಂದಂತೆ ಗಾಳಿ ದಟ್ಟವಾಗುತ್ತದೆ, k ಏರುತ್ತದೆ, V ಇಳಿಯುತ್ತದೆ. 4000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 0.82 ಕೆಜಿ, 1500 ಮೀಟರಿನಲ್ಲಿ ಸುಮಾರು 1.06. V ಇರುವುದು ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿ. ಅಂದರೆ ಈ ಎರಡು ಎತ್ತರಗಳ ನಡುವೆ V ನೂರಕ್ಕೆ 12ರಷ್ಟು ಇಳಿಯುತ್ತದೆ. ಸ್ಕೈಡೈವರ್ ಕೆಳಗಿನಿಂದ V ಕಡೆಗೆ ಹತ್ತುತ್ತಿರುತ್ತಾನೆ, V ತಾನೇ ಕೆಳಗಿಳಿದು ಬರುತ್ತದೆ. ಎರಡೂ ಒಂದನ್ನೊಂದು ದಾಟಲೇಬೇಕು. ದಾಟಿದ ಮೇಲೆ ಆತ ಯಾವಾಗಲೂ ಆ ಎತ್ತರದ V ಗಿಂತ ಒಂಚೂರು ಜಾಸ್ತಿ ವೇಗದಲ್ಲೇ ಬೀಳುತ್ತಿರುತ್ತಾನೆ. ನಮ್ಮ ಅಂಕಿಗಳಿಗೆ ಆ ಹೆಚ್ಚಳ ಸುಮಾರು 0.4 ಮೀ/ಸೆ. ಪುಸ್ತಕದಲ್ಲಿ ಅನಂತ ಕಾಲ ಬೇಕಾದದ್ದು ನಿಜವಾದ ಗಾಳಿಯಲ್ಲಿ ಇಪ್ಪತ್ತು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ!

ಇದರ ಅತಿರೇಕದ ಉದಾಹರಣೆ ಫೆಲಿಕ್ಸ್ ಬೌಮ್‌ಗಾರ್ಟ್‌ನರ್. 2012ರ ಅಕ್ಟೋಬರ್ 14ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಬಲೂನಿನಿಂದ, ಸುಮಾರು 39 ಕಿ.ಮೀ. ಎತ್ತರದಿಂದ ಹಾರಿದರು. ಗಂಟೆಗೆ 1357 ಕಿ.ಮೀ. ವೇಗ ಮುಟ್ಟಿದರು, ಶಬ್ದಕ್ಕಿಂತ ಜಾಸ್ತಿ. ಅಲ್ಲಿ ಗಾಳಿ ಎಷ್ಟು ತೆಳು ಅಂದರೆ V ತುಂಬ ದೊಡ್ಡದು. ಆಮೇಲೆ ಇನ್ನೂ ಬೀಳುತ್ತಿರುವಾಗಲೇ, ಪ್ಯಾರಾಚೂಟ್ ಬಿಚ್ಚುವ ಮೊದಲೇ, ಅವರ ವೇಗ ಕಡಿಮೆಯಾಗುತ್ತಾ ಬಂತು. ಬೀಳುವವರು ನಿಧಾನ ಆಗುವುದು ಹೇಗೆ ಅಂತ ಆಗ ತುಂಬ ಜನ ಕೇಳಿದ್ದರು. v > V ಆದರೆ dv/dt ಋಣ, ಅಷ್ಟೇ. ಅವರ ಇಡೀ ಬೀಳುವಿಕೆಗೆ ನಮ್ಮ tanh ಸೂತ್ರ ಹಾಕಬೇಡಿ. ಅಲ್ಲಿ k ಪ್ರತಿ ಸೆಕೆಂಡಿಗೂ ಬದಲಾಗುತ್ತದೆ. ಸಣ್ಣ ಸಣ್ಣ ಸಮಯದ ಹೆಜ್ಜೆ ಇಟ್ಟು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಬೇಕು.

ಹೀಗೆ ನಿಮ್ಮ ಮೂರನೇ ಗೊಂದಲಕ್ಕೆ ಬಂದೆವು. ವೇಗ V ಗಿಂತ ಜಾಸ್ತಿ ಇದ್ದರೆ ಏನು?

ಪ್ಯಾರಾಚೂಟ್ ಬಿಚ್ಚಿದಾಗ k ಏರುತ್ತದೆ, V ಕುಸಿಯುತ್ತದೆ. ಹೊಸ V ಅನ್ನು 5 ಮೀ/ಸೆ ಅಂತ ಇಟ್ಟುಕೊಳ್ಳೋಣ. ಆದರೆ ಆತ ಇನ್ನೂ 55ರಲ್ಲಿ ಇದ್ದಾನೆ. ನೀವು ಏನು ಮಾಡಿದ್ದೀರಿ ಅಂದರೆ, ನಾನು ಮೇಲೆ ಬರೆದಿಟ್ಟುಕೊಳ್ಳಿ ಅಂದ ಲಾಗ್ ಸಾಲಿಗೇ v = 55, V = 5 ಹಾಕಿದ್ದೀರಿ. 60/(−50), ಅದಕ್ಕೆ ಲಾಗ್ ಇಲ್ಲ. ಇಲ್ಲಿ ಎರಡು ಕೆಲಸ ಬಿಟ್ಟುಹೋಗಿದೆ. ಒಂದು, ಲಾಗ್ ಒಳಗೆ ಇದ್ದ ಎರಡು ನೆಟ್ಟ ಗೆರೆ. ∫dx/x ಅಂದರೆ ln|x|, ಬರೀ ln x ಅಲ್ಲ. v < V ಇದ್ದಾಗ V − v ಹೇಗೂ ಧನ, ಹಾಗಾಗಿ ಗೆರೆ ಬಿಟ್ಟರೂ ಯಾರೂ ಕೇಳಲಿಲ್ಲ. ಎರಡು, ಆ ಸಾಲು t = 0ಕ್ಕೆ v = 0 ಅಂತ ಇಟ್ಟು ಬಂದದ್ದು. ಈಗ ಶುರುವಿನ ವೇಗ ಸೊನ್ನೆ ಅಲ್ಲ, 55.

ಇದನ್ನು ತಪ್ಪಿಸಲು ಸುಲಭ ದಾರಿ ಹೇಳುತ್ತೇನೆ. C ಹಾಕಿ ಆಮೇಲೆ ಹುಡುಕುವ ಬದಲು ಮಿತಿ ಹಾಕಿಯೇ ಇಂಟಿಗ್ರೇಟ್ ಮಾಡಿ, v0 ಇಂದ v ವರೆಗೆ, 0 ಇಂದ t ವರೆಗೆ:

ln|(v + V)/(v − V)| − ln|(v0 + V)/(v0 − V)| = 2gt/V

ಶುರುವಿನಲ್ಲಿ v0 − V ಧನ ಆಗಿದ್ದರೆ ಕೊನೆಯವರೆಗೂ v − V ಧನವೇ. ಯಾಕೆಂದರೆ v = V ಅನ್ನುವುದೇ ಒಂದು ಪರಿಹಾರ. ಸರಿಯಾಗಿ V ವೇಗದಲ್ಲಿ ಶುರುವಾದದ್ದು ಹಾಗೇ ಉಳಿಯುತ್ತದೆ. ಮೇಲಿನ ವಕ್ರರೇಖೆ ಕೆಳಗೆ ಬರಬೇಕಾದರೆ ಈ ಅಡ್ಡಗೆರೆಯನ್ನು ದಾಟಬೇಕು. ದಾಟುವ ಬಿಂದುವಿನಲ್ಲಿ ಒಂದೇ ವೇಗಕ್ಕೆ ಎರಡು ಭವಿಷ್ಯ ಆಗುತ್ತದೆ. ಈ ಸಮೀಕರಣ ಅದಕ್ಕೆ ಅವಕಾಶ ಕೊಡುವುದಿಲ್ಲ. (ಅಂದ ಹಾಗೆ, V² − v² ಇಂದ ಭಾಗಿಸಿದ ಕ್ಷಣದಲ್ಲೇ ನಾವು v = V ಎಂಬ ಈ ಪರಿಹಾರವನ್ನು ಕಳೆದುಕೊಂಡೆವು. ಉತ್ತರ ಪತ್ರಿಕೆಯಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ಬರೆಯುವವರು ಕಡಿಮೆ.)

ಈಗ ಅಂಕಿ ಹಾಕೋಣ. (v0 + V)/(v0 − V) = 60/50 = 1.2. ಹಾಗಾಗಿ

(v + V)/(v − V) = 1.2 e^(2gt/V)

ಬಲಗಡೆಯದನ್ನು P ಅಂದರೆ v = V (P + 1)/(P − 1). ಮೊದಲಿನ ಸೂತ್ರ ತಲೆಕೆಳಗಾದ ಹಾಗಿದೆ ಅಲ್ವಾ? tanh ಜಾಗದಲ್ಲಿ coth ಬಂದಿದೆ. t = 0ಕ್ಕೆ P = 1.2, v = 5 × 2.2/0.2 = 55. ಶುರು ಸರಿಯಿದೆ. ವೇಗ 10ಕ್ಕೆ ಇಳಿಯಲು ಎಷ್ಟು ಹೊತ್ತು? 15/5 = 3. ln 3 − ln 1.2 = 0.92. ಅದನ್ನು V/2g ಇಂದ, ಈಗಿನ 0.255 ಇಂದ ಗುಣಿಸಿದರೆ 0.23 ಸೆಕೆಂಡು. ಒಂದು ಸೆಕೆಂಡಿಗೆ ವೇಗ 5.2. ಕೆಲಸ ಮುಗಿಯಿತು.

ಲೆಕ್ಕ ಸರಿ. ಆದರೆ ಆ 0.23 ನೋಡಿ ನಿಮಗೆ ಅನುಮಾನ ಬರಬೇಕು. 55 ಇಂದ 10ಕ್ಕೆ ಕಾಲು ಸೆಕೆಂಡಿನಲ್ಲಾ? ಬಿಚ್ಚಿದ ಕ್ಷಣದ ವೇಗೋತ್ಕರ್ಷ ನೋಡಿ. g(1 − v²/V²) = g(1 − 121) = −120g. ತಡೆಯ ಬಲ ತೂಕದ 121 ಪಟ್ಟು, ಅಂದರೆ 80 ಕೆಜಿ ಮನುಷ್ಯನನ್ನು ಒಂಬತ್ತೂವರೆ ಟನ್‌ಗೂ ಜಾಸ್ತಿ ಭಾರ ಮೇಲಕ್ಕೆ ಜಗ್ಗಿದ ಹಾಗೆ. ಯಾರೂ ಬದುಕುವುದಿಲ್ಲ, ಪ್ಯಾರಾಚೂಟಿನ ಹಗ್ಗವೂ ಉಳಿಯುವುದಿಲ್ಲ.

ಇಲ್ಲಿ ತಪ್ಪಿದ್ದು ಪಾರ್ಷಿಯಲ್ ಫ್ರ್ಯಾಕ್ಷನ್ ಅಲ್ಲ. k ಒಂದೇ ಕ್ಷಣದಲ್ಲಿ 121 ಪಟ್ಟು ಆಯಿತು ಅಂತ ನಾವು ಇಟ್ಟುಕೊಂಡದ್ದು ತಪ್ಪು. ಪ್ಯಾರಾಚೂಟ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಈಗಿನ ಚೌಕ ಪ್ಯಾರಾಚೂಟುಗಳಲ್ಲಿ ಸ್ಲೈಡರ್ ಅಂತ ಒಂದು ಬಟ್ಟೆಯ ತುಂಡು ಇರುತ್ತದೆ. ಅದರ ಮೂಲೆಗಳ ಬಳೆಗಳೊಳಗಿಂದ ಹಗ್ಗಗಳು ಹಾದುಹೋಗುತ್ತವೆ. ಮೊದಲು ಅದು ಮೇಲೆ, ಬಟ್ಟೆಗೆ ಒತ್ತಿಕೊಂಡು ಹಗ್ಗಗಳನ್ನು ಒಟ್ಟಿಗೆ ಹಿಡಿದಿರುತ್ತದೆ. ಗಾಳಿ ಅದನ್ನು ಮೇಲಕ್ಕೇ ತಳ್ಳುತ್ತಿರುತ್ತದೆ, ಬಿಚ್ಚಿಕೊಳ್ಳುವ ಬಟ್ಟೆ ಅದನ್ನು ಕೆಳಕ್ಕೆ ನೂಕುತ್ತದೆ. ಈ ಜಗಳದಲ್ಲಿ ಪ್ಯಾರಾಚೂಟ್ ಪೂರ್ತಿ ಬಿಚ್ಚಲು ಕೆಲವು ಸೆಕೆಂಡು ಹಿಡಿಯುತ್ತದೆ. 50 ಮೀ/ಸೆ ಇಳಿಕೆ ಮೂರೂವರೆ ಸೆಕೆಂಡಿನಲ್ಲಿ ಆದರೆ ಸರಾಸರಿ ಒಂದೂವರೆ g. ನಡುವೆ ಒಂದು ಕ್ಷಣ ಅದಕ್ಕಿಂತ ಜಾಸ್ತಿ ಇರಬಹುದು, ಆದರೂ ಮನುಷ್ಯ ತಡೆದುಕೊಳ್ಳುವಷ್ಟು.

ಸಮಯದ ಬದಲು ದೂರ ಕೇಳಿದರೆ ಲೆಕ್ಕ ಇನ್ನೂ ಸುಲಭ. dv/dt ಅನ್ನು v dv/dx ಅಂತ ಬರೆಯಿರಿ. ಆಗ ಎಡಗಡೆ v dv/(V² − v²). ಮೇಲೆ ಒಂದು v ಬಂದದ್ದರಿಂದ ಪಾರ್ಷಿಯಲ್ ಫ್ರ್ಯಾಕ್ಷನ್ ಬೇಕಾಗಿಲ್ಲ. ಮೇಲಿನದು ಕೆಳಗಿನದರ ಡೆರಿವೇಟಿವ್, −2 ಒಂದನ್ನು ಬಿಟ್ಟರೆ. ನೇರವಾಗಿ ಬರುತ್ತದೆ:

v² = V² (1 − e^(−2gx/V²))

ಅಭ್ಯಾಸ ಬಲದಿಂದ ಇದನ್ನೂ ತುಂಡು ಮಾಡಿ ಇಂಟಿಗ್ರೇಟ್ ಮಾಡುವವರಿದ್ದಾರೆ. ಉತ್ತರ ಬರುತ್ತದೆ, ಸುಮ್ನೆ ಒಂದು ಪುಟ ದಂಡ.

ಸ್ಕೈಡೈವರ್‌ಗಳಲ್ಲಿ ಒಂದು ಬಾಯಿಲೆಕ್ಕ ಇದೆ: ಮೊದಲ ಸಾವಿರ ಅಡಿಗೆ ಹತ್ತು ಸೆಕೆಂಡು, ಆಮೇಲೆ ಪ್ರತಿ ಸಾವಿರ ಅಡಿಗೆ ಐದು ಸೆಕೆಂಡು. ನಮ್ಮ ಸೂತ್ರದಲ್ಲಿ ಸಾವಿರ ಅಡಿ, ಅಂದರೆ 305 ಮೀಟರ್ ಹಾಕಿದರೆ 9.2 ಸೆಕೆಂಡು ಬರುತ್ತದೆ, ಮುಂದಿನ ಸಾವಿರ ಅಡಿಗೆ 5.7. ವಿಮಾನದ ಬಾಗಿಲಲ್ಲಿ ನಿಂತು ನೆನಪಿಡಬೇಕಾದ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದರೆ ಧಾರಾಳ.

ಇದೇ ಸೂತ್ರವನ್ನು ತೆಂಗಿನಕಾಯಿಗೆ ಹಾಕಿ ನೋಡಿ. ಸಿಪ್ಪೆ ಸಮೇತ ಒಂದೂವರೆ ಕೆಜಿ, 20 ಸೆಂ.ಮೀ. ದಪ್ಪ ಅಂದುಕೊಂಡರೆ V ಸುಮಾರು 42 ಮೀ/ಸೆ. 15 ಮೀಟರ್ ಎತ್ತರದ ಮರದಿಂದ ಬಿದ್ದರೆ ನೆಲ ಮುಟ್ಟುವಾಗ 16.5 ಮೀ/ಸೆ. ಗಾಳಿಯೇ ಇಲ್ಲ ಅಂತ ಲೆಕ್ಕ ಹಾಕಿದರೆ 17.1. ವ್ಯತ್ಯಾಸ ಇಷ್ಟೇ. ಮರದ ಕೆಳಗೆ ನಿಂತವರಿಗೆ ಗಾಳಿ ಏನೂ ಸಹಾಯ ಮಾಡುವುದಿಲ್ಲ. V²/2g ಅನ್ನುವುದು ಒಂದು ಉದ್ದ. ತೆಂಗಿನಕಾಯಿಗೆ ಅದು 90 ಮೀಟರ್, ಸ್ಕೈಡೈವರ್‌ಗೆ ಸುಮಾರು 154. ಬಿದ್ದ ದೂರ ಇದಕ್ಕಿಂತ ತುಂಬ ಕಡಿಮೆ ಇದ್ದರೆ ಗಾಳಿಯ ತಡೆಯನ್ನು ಬಿಟ್ಟುಬಿಡಬಹುದು. ಇದಕ್ಕೆ ಸಮ ಅಥವಾ ಜಾಸ್ತಿ ಇದ್ದರೆ ಬಿಡುವ ಹಾಗಿಲ್ಲ.

ಒಂದು ಎಚ್ಚರಿಕೆ. ವಸ್ತುವನ್ನು ಮೇಲಕ್ಕೆ ಎಸೆದರೆ ಈ ಸಮೀಕರಣ ಹಾಕಬೇಡಿ. v² ಗೆ ದಿಕ್ಕು ಗೊತ್ತಿಲ್ಲ, v ಋಣವಾದರೂ v² ಧನ. ಆದರೆ ಮೇಲೆ ಹೋಗುವಾಗ ಗಾಳಿ ಕೆಳಕ್ಕೆ ಎಳೆಯುತ್ತದೆ, ತೂಕದ ಜೊತೆಗೆ ಕೂಡುತ್ತದೆ. ಆಗ ಛೇದ V² + v² ಆಗುತ್ತದೆ. ಅದು ತುಂಡಾಗುವುದಿಲ್ಲ, ಇಂಟಿಗ್ರಲ್ ಲಾಗ್ ಬದಲು arctan ಕೊಡುತ್ತದೆ. ಏರುವುದಕ್ಕೆ ಒಂದು ಲೆಕ್ಕ, ತುದಿಯಿಂದ ಇಳಿಯುವುದಕ್ಕೆ ಇನ್ನೊಂದು ಲೆಕ್ಕ.

v² ಅನ್ನುವುದೇ ಎಲ್ಲಿಂದ ಬಂತು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ದೊಡ್ಡ ವಸ್ತು ವೇಗವಾಗಿ ಬೀಳುವಾಗ ದಾರಿಯಲ್ಲಿರುವ ಗಾಳಿಯನ್ನು ಪಕ್ಕಕ್ಕೆ ತಳ್ಳಬೇಕು. ಒಂದು ಸೆಕೆಂಡಿಗೆ ಎದುರಾಗುವ ಗಾಳಿ v ಗೆ ತಕ್ಕಂತೆ. ಆ ಗಾಳಿಗೆ ಕೊಡಬೇಕಾದ ವೇಗವೂ v ಗೆ ತಕ್ಕಂತೆ. ಎರಡು ಸೇರಿ v². ಮಂಜಿನ ಹನಿಯಂಥ ಸಣ್ಣ ವಸ್ತುವಿಗೆ ಇದು ನಡೆಯುವುದಿಲ್ಲ. 0.02 ಮಿ.ಮೀ. ಅಗಲದ ಹನಿ ಸೆಕೆಂಡಿಗೆ ಒಂದು ಸೆಂ.ಮೀ. ಚಿಲ್ಲರೆ ಇಳಿಯುತ್ತದೆ. ಅದಕ್ಕೆ ಗಾಳಿಯ ಅಂಟುತನವೇ ತಡೆ, ಅದು v ಗೆ ನೇರ ಅನುಪಾತ. ಆ ಸಮೀಕರಣದಲ್ಲಿ ಛೇದ V − v ಒಂದೇ, ತುಂಡು ಮಾಡಲು ಏನೂ ಇಲ್ಲ.

ಬೇಕರಿಯಲ್ಲಿ ಕಪ್‌ಕೇಕ್ ಕೆಳಗೆ ಇಡುವ ನೆರಿಗೆ ನೆರಿಗೆ ಕಾಗದದ ಬಟ್ಟಲು ಇರುತ್ತದಲ್ಲ, ಅದರಲ್ಲಿ ಐದು ತಗೊಳ್ಳಿ. ನಾಲ್ಕನ್ನು ಒಂದರೊಳಗೊಂದು ಕೂರಿಸಿ, ಒಂದನ್ನು ಒಂಟಿಯಾಗಿ ಇಡಿ. ಆಕಾರ ಒಂದೇ, ತೂಕ ನಾಲ್ಕು ಪಟ್ಟು. ತಡೆ v² ಆಗಿದ್ದರೆ V ಎರಡು ಪಟ್ಟಾಗಬೇಕು. ಬರೀ v ಆಗಿದ್ದರೆ ನಾಲ್ಕು ಪಟ್ಟಾಗಬೇಕು. ಫ್ಯಾನ್ ಆಫ್ ಮಾಡಿ. ಸ್ಟೂಲ್ ಹತ್ತಿ ನಾಲ್ಕರ ಕಟ್ಟನ್ನು ಎರಡು ಮೀಟರ್ ಎತ್ತರದಿಂದ, ಒಂಟಿಯನ್ನು ಒಂದು ಮೀಟರ್ ಎತ್ತರದಿಂದ ಒಟ್ಟಿಗೆ ಬಿಡಿ, ತೆರೆದ ಬಾಯಿ ಮೇಲೆ ಇರಲಿ. ಕಾಗದದ V ಸಣ್ಣದು, ಹಾಗಾಗಿ ಮೊದಲ ಸ್ವಲ್ಪ ದೂರದಲ್ಲೇ ಎರಡೂ ತಮ್ಮ V ಹತ್ತಿರ ಬಂದುಬಿಡುತ್ತವೆ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ನೆಲ ಮುಟ್ಟುತ್ತವೆ. ಕಟ್ಟು ಒಂಚೂರು ತಡವಾದರೆ ಗಾಬರಿಯಾಗಬೇಡಿ. ಅದರ V/g ಎರಡು ಪಟ್ಟು, ವೇಗ ಹಿಡಿಯಲು ಅದಕ್ಕೆ ಜಾಸ್ತಿ ಹೊತ್ತು ಬೇಕು.